ಸ್ಟಿಕ್ಕರ್‌ನಲ್ಲಿ ಯಾರ ಮುಖ ಇರಬೇಕು

ನಮ್ಮ ಗೆಳೆಯರ ಸಣ್ಣ ಗುಂಪಿಗೆ ಸ್ಟಿಕ್ಕರ್ ಮಾಡಿಕೊಡುವ ಕೆಲಸ ನನ್ನದು. ವಾಟ್ಸಾಪ್‌ಗೆ ಸ್ಟಿಕ್ಕರ್ ಬಂದದ್ದು 2018ರಲ್ಲಿ. ಆಗಿನಿಂದ ರೆಡಿಮೇಡ್ ಪ್ಯಾಕುಗಳು ರಾಶಿ ರಾಶಿ ಸಿಗುತ್ತವೆ, ಆದರೆ ಗುಂಪಿನಲ್ಲಿ ನಿಜವಾಗಿ ಓಡುವುದು ನಮ್ಮದೇ ಮುಖಗಳನ್ನು ಕತ್ತರಿಸಿ ಮಾಡಿದವು. ಇವುಗಳಲ್ಲಿ ಹಾವಭಾವ ಎಷ್ಟು ಮುಖ್ಯವೋ ಅದಕ್ಕಿಂತ ಮುಖ್ಯ, ಆ ಮುಖ ಯಾರದು ಮತ್ತು ಕಳಿಸುತ್ತಿರುವವರು ಯಾರು ಅನ್ನುವುದು.

ಒಂದು ಸಂದರ್ಭ ತಗೊಳ್ಳಿ. ಸಂಬಳ ಜಾಸ್ತಿ ಮಾಡಿ ಅಂತ ಬಾಸ್‌ನ ಕೇಳುತ್ತೇನೆ ಎಂದು ವಾರಗಟ್ಟಲೆ ಹೇಳಿಕೊಂಡು ಬಂದ ಗೆಳೆಯ ಸಂಜೆ ಬರೆಯುತ್ತಾನೆ: ‘ಇವತ್ತೂ ಕೇಳ್ಲಿಲ್ಲ ಕಣೋ.’ ಇದಕ್ಕೆ ಮಾತಿನಲ್ಲಿ ಏನು ಬರೆದರೂ ಒಂದು ಕಡೆ ವಾಲುತ್ತದೆ. ‘ಮತ್ತೆ ಹೆದರ್ಕೊಂಡ್ಯಾ?’ ಅಂದರೆ ಚುಚ್ಚುತ್ತದೆ. ‘ಪರ್ವಾಗಿಲ್ಲ ಬಿಡು’ ಅಂದರೆ ಅವನ ಮೇಲೆ ಕನಿಕರ ತೋರಿಸಿದಂತೆ. ‘ನಾಳೆ ಕೇಳು’ ಅಂದರೆ ಉಪದೇಶ, ಜೊತೆಗೆ ‘ಹೂಂ, ನೋಡ್ತೀನಿ’ ಎಂದು ಅವನು ಉತ್ತರ ಕೊಡಲೇಬೇಕಾದ ಹೊರೆ ಬೇರೆ.

ಅದೇ ಜಾಗಕ್ಕೆ ನಾನು ಅರ್ಧ ಕಣ್ಣು ಮುಚ್ಚಿ, ಬಾಯಿ ತೆರೆದು ನಿಂತ ನನ್ನದೇ ಪೆದ್ದು ಮುಖದ ಸ್ಟಿಕ್ಕರ್ ಹಾಕುತ್ತೇನೆ. ಬಾಸ್ ಎದುರು ನನ್ನ ಗತಿಯೂ ಇಷ್ಟೇ ಎನ್ನುವುದು ಅದರಲ್ಲಿ ಬಂತು. ನೀನು ಹೇಳಿದ್ದು ಕೇಳಿಸಿತು ಎನ್ನುವುದೂ ಬಂತು. ಅವನು ಉತ್ತರ ಕೊಟ್ಟರೂ ಸರಿ, ಬಿಟ್ಟರೂ ಸರಿ. ಇನ್ನು ಅದೇ ಜಾಗದಲ್ಲಿ ಅವನದೇ ಪೆದ್ದು ಮುಖ ಹಾಕಿದರೆ ಅದು ಕಿಚಾಯಿಸುವುದು. ಅದಕ್ಕೂ ಗೆಳೆತನದಲ್ಲಿ ಜಾಗ ಇದೆ, ಆದರೆ ಎರಡನೆಯದಾಗಿ. ಮೊದಲು ಸ್ವಂತ ಮುಖ. ಅವನು ನಕ್ಕ ಮೇಲೆ, ಅಥವಾ ತಿರುಗಿ ಇನ್ನೊಂದು ಸ್ಟಿಕ್ಕರ್ ಹಾಕಿದ ಮೇಲೆ ಅವನ ಮುಖ. ಮೂರನೆಯವನ ಮುಖ ಹಾಕಿದರೆ ಅರ್ಥ ಮತ್ತೆ ಬದಲಾಗುತ್ತದೆ: ‘ಈ ವಿಷಯದಲ್ಲಿ ನೀನು ಥೇಟ್ ಅವನೇ’ ಎಂದು. ಗುಂಪಿನಲ್ಲಿ ಯಾರು ಯಾವುದಕ್ಕೆ ಹೆಸರುವಾಸಿ ಅಂತ ಗೊತ್ತಿದ್ದವರಿಗೆ ಮಾತ್ರ ಇದು ತಲುಪುತ್ತದೆ. ಹೊಸದಾಗಿ ಸೇರಿದವರಿಗೆ ಅದು ಬರೀ ಯಾರದೋ ಫೋಟೊ.

ಮಾಡುವ ಕ್ರಮದಲ್ಲಿ ಕಷ್ಟ ಇರುವುದು ಫೋಟೊ ಆರಿಸುವುದರಲ್ಲೇ. ಪೋಸ್ ಕೊಟ್ಟ ಫೋಟೊ ಬೇಡ. ಕ್ಯಾಮೆರಾಗೆ ನಕ್ಕ ಮುಖ ಕ್ಯಾಮೆರಾಗೆ ಮಾತ್ರ ಉತ್ತರ ಕೊಡುತ್ತದೆ. ಎರಡು ಭಾವಗಳ ನಡುವೆ ಸಿಕ್ಕಿಬಿದ್ದ ಮುಖ ಬೇಕು: ಮಾತಾಡುತ್ತಿರುವಾಗ, ಸೀನು ಬರುವ ಮುಂಚೆ, ಯಾರೋ ಕರೆದಾಗ ಅರ್ಧ ತಿರುಗಿದ್ದು. ಇಂಥದು ವಿಡಿಯೊದಲ್ಲಿ ಬೇಗ ಸಿಗುತ್ತದೆ. ನಿಧಾನವಾಗಿ ಮುಂದೆ ಸರಿಸಿ, ಸರಿಯಾದ ಜಾಗದಲ್ಲಿ ನಿಲ್ಲಿಸಿ, ಸ್ಕ್ರೀನ್‌ಶಾಟ್ ತೆಗೆದರಾಯಿತು. ಈಗ ವಾಟ್ಸಾಪ್ ಒಳಗೇ ಫೋಟೊದಿಂದ ಸ್ಟಿಕ್ಕರ್ ಮಾಡುವ ಸೌಲಭ್ಯ ಇದೆ, ಹಿನ್ನೆಲೆಯನ್ನು ಅದೇ ಕತ್ತರಿಸುತ್ತದೆ. ಕೂದಲಿನ ಅಂಚು, ಕನ್ನಡಕದ ಕಡ್ಡಿ ಅಲ್ಲಲ್ಲಿ ಹಾರಿಹೋಗಿರುತ್ತವೆ. ಗೆಳೆಯರ ನಡುವೆ ಅದು ದೋಷವಲ್ಲ, ಕೈಯಾರೆ ಮಾಡಿದ್ದು ಅಂತ ತೋರಿಸುತ್ತದೆ. ಆದರೆ ಹುಬ್ಬು, ಬಾಯಿಯ ಮೂಲೆ ಹೋಗಿದ್ದರೆ ಬಿಸಾಡಿ ಮತ್ತೆ ಮಾಡಿ, ಭಾವವೆಲ್ಲ ಇರುವುದು ಅಲ್ಲೇ.

ತಲೆಯಿಂದ ಭುಜದವರೆಗೆ ಮಾತ್ರ ಇಟ್ಟುಕೊಳ್ಳುತ್ತೇನೆ. ಸ್ಟಿಕ್ಕರ್‌ನ ಅಳತೆ 512×512 ಪಿಕ್ಸೆಲ್ ಆದರೂ ಚಾಟ್‌ನಲ್ಲಿ ಅದು ಕಾಣುವುದು ಸಣ್ಣದಾಗಿ. ಇಡೀ ದೇಹ ತುಂಬಿಸಿದರೆ ಮುಖ ಕಾಳಿನಷ್ಟಾಗುತ್ತದೆ. ಬೇರೆ ಆ್ಯಪ್‌ನಲ್ಲಿ ಪ್ಯಾಕ್ ಮಾಡುವುದಾದರೆ ಸುತ್ತ 8 ಪಿಕ್ಸೆಲ್ ಬಿಳಿ ಅಂಚು ಕೊಡಿ. ಇಲ್ಲದಿದ್ದರೆ ಕಪ್ಪು ಕೂದಲು ಡಾರ್ಕ್ ಮೋಡ್‌ನಲ್ಲಿ ಹಿನ್ನೆಲೆಗೆ ಬೆರೆತು ಮುಖವಾಡ ತೇಲಿದಂತೆ ಕಾಣುತ್ತದೆ. ಒಂದು ಪ್ಯಾಕ್‌ಗೆ ಕನಿಷ್ಠ 3, ಗರಿಷ್ಠ 30 ಸ್ಟಿಕ್ಕರ್. ಮೂವತ್ತು ತುಂಬಿಸುವ ಆಸೆ ಬೇಡ, ತುಂಬಿದ ಪ್ಯಾಕ್‌ನಲ್ಲಿ ಹುಡುಕುವಷ್ಟರಲ್ಲಿ ಮಾತು ಮುಂದೆ ಹೋಗಿರುತ್ತದೆ. ನೆಚ್ಚಿನವಕ್ಕೆ ನಕ್ಷತ್ರ ಒತ್ತಿಟ್ಟುಕೊಂಡರೆ ಕೈಗೆ ಬೇಗ ಸಿಗುತ್ತವೆ.

ಸ್ಟಿಕ್ಕರ್ ಮೇಲೆ ಅಕ್ಷರ ಬರೆಯುವುದನ್ನು ನಾನು ಬಹುತೇಕ ಬಿಟ್ಟಿದ್ದೇನೆ. ‘ಮುಗೀತು ಕಥೆ’ ಅಂತ ಬರೆದರೆ ಅದು ಒಂದೇ ಕೆಲಸಕ್ಕೆ. ಬರೆಯದ ಪೆದ್ದು ಮುಖ ಸಂಬಳಕ್ಕೂ ಆಗುತ್ತದೆ, ತಪ್ಪಿದ ಬಸ್ಸಿಗೂ ಆಗುತ್ತದೆ. ಹೀಗೆ ಬೇರೆ ಬೇರೆ ಜಾಗದಲ್ಲಿ ಬಳಸಿದಂತೆಲ್ಲ ಹಿಂದಿನ ಸಂದರ್ಭಗಳ ನೆನಪು ಅದಕ್ಕೆ ಅಂಟಿಕೊಳ್ಳುತ್ತದೆ. ಮುಂದಿನ ಸಲ ಹಾಕಿದಾಗ ‘ಅವತ್ತಿನ ಹಾಗೇ’ ಎನ್ನುವುದು ತಾನಾಗಿ ಕೇಳಿಸುತ್ತದೆ. ವಾಕ್ಯದಲ್ಲಿ ಇದನ್ನು ತರಬೇಕಾದರೆ ಅವತ್ತಿನ ಕಥೆಯನ್ನು ಮತ್ತೆ ಹೇಳಬೇಕು. ಹಾಗಂತ ದಿನಾ ಹಾಕಿದರೆ ಸವೆದು ‘ಹ್ಮ್’ಗೆ ಸಮ ಆಗುತ್ತದೆ. ಯಾರೂ ನಗದೆ ವಿಷಯ ಮುಂದಕ್ಕೆ ಸಾಗತೊಡಗಿದರೆ ಅದನ್ನು ಕೆಲಕಾಲ ಒಳಗಿಡುವ ಹೊತ್ತು ಬಂತು ಅಂತ.

ಜಿಫ್ ಬೇರೆ ಜಾತಿ. ವಾಟ್ಸಾಪ್‌ನಲ್ಲಿ ಜಿಫ್ ಎನ್ನುವುದು ಅಸಲಿಗೆ ಶಬ್ದವಿಲ್ಲದೆ ಸುತ್ತುತ್ತಲೇ ಇರುವ ಪುಟ್ಟ ವಿಡಿಯೊ, ಮತ್ತು ಅದರ ಅರ್ಥವೂ ಆ ಸುತ್ತಿನಲ್ಲೇ ಇದೆ: ಇದು ಮುಗಿಯುವ ಪೈಕಿ ಅಲ್ಲ. ಬಾರದ ಕ್ಯಾಬ್‌ಗೆ ಕಾಯುತ್ತಿರುವವನಿಗೆ ಸರಿ. ಸುಸ್ತಾದವನಿಗೆ ಸ್ಟಿಕ್ಕರ್ ಸಾಕು. ಹುಡುಕಾಟದಲ್ಲಿ ಮೊದಲು ಬಂದ ಜಿಫ್ ಹಾಕಬೇಡಿ, ಅದೇ ಪದ ಹುಡುಕುವ ಎಲ್ಲರಿಗೂ ಮೊದಲು ಬರುವುದು ಬಹುತೇಕ ಅದೇ. ಮೀಮ್ ಅಂತೂ ಓದಬೇಕಾದ್ದು. ‘ಇದು ಎಲ್ಲರಿಗೂ ಆಗುವಂಥದ್ದು’ ಎಂದು ಒಬ್ಬನ ಸಂಕಟವನ್ನು ಊರಿಗೆಲ್ಲ ಹಂಚುತ್ತದೆ. ಕೆಲವೊಮ್ಮೆ ಅದು ಹಗುರ ಮಾಡುತ್ತದೆ, ‘ನನಗೆ ಮಾತ್ರ ಹೀಗೆ’ ಅನಿಸಿದವನಿಗೆ ಸಿಟ್ಟು ಬರಿಸುತ್ತದೆ.

ಎಡವಟ್ಟು ಹೆಚ್ಚಾಗಿ ಆಗುವುದು ಗುಂಪಿನಲ್ಲಿ, ಜಾಗ ತಪ್ಪಿ. ನೀವು ಸ್ಟಿಕ್ಕರ್ ಹುಡುಕುವಷ್ಟರಲ್ಲಿ ‘ಅಮ್ಮನ್ನ ಅಡ್ಮಿಟ್ ಮಾಡಿದ್ವಿ’ ಎಂಬ ಇನ್ನೊಬ್ಬರ ಮೆಸೇಜ್ ಬಂದಿರುತ್ತದೆ, ನಿಮ್ಮ ಹಲ್ಕಿರಿದ ಮುಖ ಅದರ ಕೆಳಗೆ ಹೋಗಿ ಕೂರುತ್ತದೆ. ಅದಕ್ಕೇ ಗುಂಪಿನಲ್ಲಿ ಯಾವಾಗಲೂ ಮೂಲ ಮೆಸೇಜನ್ನು ಬಲಕ್ಕೆ ಎಳೆದು, ಅದಕ್ಕೆ ಉತ್ತರವಾಗಿಯೇ ಸ್ಟಿಕ್ಕರ್ ಹಾಕುತ್ತೇನೆ. ತಡವಾದರೂ ಕೆಡುತ್ತದೆ. ಕೂಡಲೇ ಬಂದ ಸ್ಟಿಕ್ಕರ್ ‘ಇಲ್ಲೇ ಇದ್ದೀನಿ’ ಅನ್ನುತ್ತದೆ, ಅರ್ಧ ದಿನ ಬಿಟ್ಟು ಬಂದದ್ದು ‘ಬರೆಯೋಕೆ ಬೇಜಾರು’ ಅನ್ನುತ್ತದೆ. ತಡವಾದಾಗ ಒಂದು ಸಾಲು ಬರೆದೇ ಹಾಕುವುದು ವಾಸಿ. ಲಾಕ್ ಸ್ಕ್ರೀನ್‌ನಲ್ಲಿ ಸ್ಟಿಕ್ಕರ್ ಬಂದಿದೆ ಅಂತಷ್ಟೇ ಕಾಣುವುದರಿಂದ ‘ಹೌದು, ಬರ್ತೀನಿ’ ಎಂಬಂಥ ಖಚಿತ ಉತ್ತರಕ್ಕೆ ಅದು ಆಗದು. ಸಾವು, ಕಾಯಿಲೆ, ಸಂಬಂಧ ಮುರಿದ ಸುದ್ದಿಗೆ ಮೊದಲು ಮಾತು, ಸಾಧ್ಯವಾದರೆ ಫೋನ್. ಅವನೇ ಮೊದಲು ಸ್ಟಿಕ್ಕರ್ ಹಾಕುವ ತನಕ ನನ್ನ ಕಡೆಯಿಂದ ಒಂದೂ ಹೋಗುವುದಿಲ್ಲ.

ಮುಖದ ಸ್ಟಿಕ್ಕರ್ ಮಾಡುವ ಮುಂಚೆ ಆ ಮುಖದವರನ್ನು ಕೇಳಬೇಕು. ಬಂದ ಸ್ಟಿಕ್ಕರನ್ನು ಯಾರು ಬೇಕಾದರೂ ಉಳಿಸಿಕೊಂಡು ಬೇರೆಡೆಗೆ ಕಳಿಸಬಹುದು, ನೀವು ಮೆಸೇಜ್ ಡಿಲೀಟ್ ಮಾಡಿದರೂ ಅವರು ಉಳಿಸಿಕೊಂಡದ್ದು ಅವರಲ್ಲೇ ಇರುತ್ತದೆ. ‘ಇದು ಆಫೀಸ್ ಗ್ರೂಪ್‌ಗೆ ಹೋದರೆ ಪರವಾಗಿಲ್ವಾ?’ ಎಂದು ನೇರವಾಗಿ ಕೇಳುತ್ತೇನೆ. ‘ಅಯ್ಯೋ ಬೇಡ’ ಎಂದು ಬಂದರೆ ಅದನ್ನು ಮಾಡುವುದಿಲ್ಲ, ಎಷ್ಟೇ ಚೆನ್ನಾಗಿ ಸಿಕ್ಕಿದ್ದರೂ.