ಫೋಟೋದಲ್ಲಿ ಬಂದ ಸ್ವೆಟರ್ ಲೇಬಲ್ ಓದಿದ್ದು ಹೀಗೆ

ನಮ್ಮದು ಲಾಂಡ್ರಿ ಅಂಗಡಿ. ಗಿರಾಕಿಗಳೂ ನೆಂಟರೂ ಬಟ್ಟೆಯ ಲೇಬಲ್ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿ, ಹೇಗೆ ಒಗೆಯೋದು ಅಂತ ಕೇಳುತ್ತಿರುತ್ತಾರೆ. ಕಳೆದ ಚಳಿಗಾಲದಲ್ಲಿ ಶಿವಮೊಗ್ಗದಿಂದ ಚಿಕ್ಕಮ್ಮ ಒಂದು ಸ್ವೆಟರ್‌ನ ಲೇಬಲ್ ಕಳಿಸಿದ್ದರು. ಅರ್ಧ ಉಣ್ಣೆ, ಅರ್ಧ ಅಕ್ರಿಲಿಕ್. "ಇದನ್ನ ಮೆಷಿನ್‌ಗೆ ಹಾಕಬಹುದಾ, ನೋಡಿ ಹೇಳಮ್ಮ" ಅಂದರು.

ಫೋಟೋ ಅಡ್ಡಡ್ಡ ಬಂದಿತ್ತು. ಲೇಬಲ್ ಓದುವಾಗ ನಾನು ಮೊದಲು ನೋಡೋದೇ ಇದನ್ನ. ಯಾಕೆ ಗೊತ್ತಾ? ಚೌಕದೊಳಗೆ ಒಂದು ನಿಂತ ಗೆರೆ ಇದ್ದರೆ ತಂತಿಯ ಮೇಲೆ ಒಣಹಾಕಿ ಅಂತ. ಅದೇ ಗೆರೆ ಮಲಗಿದ್ದರೆ ಚಪ್ಪಟೆಯಾಗಿ ಹಾಸಿ ಒಣಗಿಸಿ ಅಂತ. ಫೋಟೋ ತಿರುಗಿದರೆ ಚೌಕ ಚೌಕವಾಗೇ ಕಾಣುತ್ತದೆ, ಗೆರೆ ಮಾತ್ರ ಅರ್ಥ ಬದಲಿಸಿಬಿಡುತ್ತದೆ. ಚಿಕ್ಕಮ್ಮನ ಫೋಟೋದಲ್ಲಿ ಗೆರೆ ನಿಂತಿತ್ತು. ಆದರೆ ಪಕ್ಕದ ಇಸ್ತ್ರಿ ಪೆಟ್ಟಿಗೆಯ ಚಿತ್ರ ಮೂತಿ ಮೇಲೆ ಮಾಡಿ ನಿಂತಿತ್ತು, ನೀರಿನ ತೊಟ್ಟಿಯ ಬಾಯಿ ಪಕ್ಕಕ್ಕೆ ತಿರುಗಿತ್ತು. ತೊಟ್ಟಿಯ ಬಾಯಿ ಮೇಲೆ ಬರುವ ಹಾಗೆ ಫೋಟೋ ತಿರುಗಿಸಿದೆ, ಗೆರೆ ಮಲಗಿತು. ನೆನೆದ ಉಣ್ಣೆ ತುಂಬಾ ಭಾರ. ತಂತಿಗೆ ನೇತುಹಾಕಿದ್ದರೆ ಸ್ವೆಟರ್ ಅದರ ತೂಕಕ್ಕೇ ಜಗ್ಗಿ ಉದ್ದವಾಗುತ್ತಿತ್ತು.

ಆಮೇಲೆ ಸಾಲಾಗಿ ಓದುತ್ತೇನೆ. ನಾವು ಹೆಚ್ಚಾಗಿ ನೋಡುವ ಲೇಬಲ್‌ಗಳಲ್ಲಿ ಕ್ರಮ ಒಂದೇ: ಒಗೆಯೋದು, ಬ್ಲೀಚ್, ಒಣಗಿಸೋದು, ಇಸ್ತ್ರಿ, ಕೊನೆಗೆ ಡ್ರೈ ಕ್ಲೀನ್. ಒಂದು ಚಿತ್ರ ಮಸುಕಾಗಿದ್ದರೂ ಅದಿರುವ ಜಾಗ ನೋಡಿ ಯಾವುದರ ಬಗ್ಗೆ ಅಂತ ಹೇಳಬಹುದು.

ಇಲ್ಲಿ ತೊಟ್ಟಿಯೊಳಗೆ 30 ಅಂತಿತ್ತು. ನೀರಿನ ಬಿಸಿ 30 ಡಿಗ್ರಿ ಸೆಲ್ಸಿಯಸ್ ದಾಟಬಾರದು ಅಂತ ಅರ್ಥ. ಅದಕ್ಕಿಂತ ತಣ್ಣಗಿದ್ದರೆ ತೊಂದರೆ ಇಲ್ಲ. ಹಾಗಾಗಿ ನಲ್ಲಿ ನೀರು ಸಾಕು, ಗೀಸರ್ ನೀರು ಬೆರೆಸೋದು ಬೇಡ. ತೊಟ್ಟಿಯ ಕೆಳಗೆ ದಪ್ಪ ಗೆರೆಯ ಹಾಗೆ ಏನೋ ಕಂಡಿತು. ಅದು ಒಂದೋ ಎರಡೋ? ಒಂದಾದರೆ ಮೆಷಿನ್ ಮೆದುವಾಗಿ ತಿರುಗಬೇಕು, ಎರಡಾದರೆ ಇನ್ನೂ ಮೆದುವಾಗಿ. ದೊಡ್ಡದು ಮಾಡಿ ನೋಡಿದರೂ ಬಿಡಿಸಿ ಕಾಣಲಿಲ್ಲ. ಸ್ಯಾಟಿನ್ ಲೇಬಲ್ ಮೇಲೆ ಫ್ಲಾಶ್ ಬಿದ್ದರೆ ಹೀಗೇ ಆಗುತ್ತದೆ. ಲೇಬಲ್ ಅಂಗೈ ಮೇಲೆ ಬಿಡಿಸಿಟ್ಟು, ಕಿಟಕಿ ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ, ಹಿಂದೆ ಮುಂದೆ ಎರಡೂ ಕಡೆ ತೆಗೆದು ಕಳಿಸಿ ಅಂದೆ. ಎರಡನೇ ಫೋಟೋದಲ್ಲಿ ಎರಡು ಗೆರೆ ಸ್ಪಷ್ಟವಾಗಿ ಕಂಡವು. ಇನ್ನೊಂದು ಫೋಟೋ ಸಿಗದಿದ್ದರೆ ನಾನು ಯಾವಾಗಲೂ ಎರಡು ಅಂತಲೇ ಲೆಕ್ಕ ಹಿಡಿಯುತ್ತೇನೆ. ಮೆದುವಾಗಿ ಒಗೆದರೆ ಕೊಳೆ ಸ್ವಲ್ಪ ಉಳಿಯಬಹುದು, ಇನ್ನೊಂದು ಸಲ ಒಗೆಯಬಹುದು. ಕುಗ್ಗಿ ಗಟ್ಟಿಯಾದ ಉಣ್ಣೆ ಮತ್ತೆ ಮೊದಲಿನ ಹಾಗೆ ಆಗಲ್ಲ.

ಬ್ಲೀಚ್‌ಗೆ ತ್ರಿಕೋನ. ಖಾಲಿ ತ್ರಿಕೋನ ಇದ್ದರೆ ಯಾವ ಬ್ಲೀಚ್ ಆದರೂ ಸರಿ. ಒಳಗೆ ಒಂದೇ ಕಡೆ ವಾಲಿದ ಎರಡು ಗೆರೆ ಇದ್ದರೆ ಕ್ಲೋರಿನ್ ಬೇಡ, ಆಕ್ಸಿಜನ್ ಬ್ಲೀಚ್ ಮಾತ್ರ. ಗುಣಾಕಾರ ಚಿಹ್ನೆ ಇದ್ದರೆ ಯಾವುದೂ ಬೇಡ. ಮಸುಕು ಫೋಟೋದಲ್ಲಿ ಕೊನೆಯ ಎರಡೂ ಒಂದೇ ಥರ ಕಾಣುತ್ತವೆ. ಆಗ ಗೆರೆಯ ತುದಿ ನೋಡಬೇಕು. ಗುಣಾಕಾರದ ಗೆರೆಗಳು ತ್ರಿಕೋನ ದಾಟಿ ಹೊರಗೆ ಬಂದಿರುತ್ತವೆ. ಚಿಕ್ಕಮ್ಮನದು ಆ ಥರದ್ದು. ಚೌಕದೊಳಗಿನ ವೃತ್ತಕ್ಕೂ ಗುಣಾಕಾರ ಬಿದ್ದಿತ್ತು, ಅಂದರೆ ಡ್ರೈಯರ್ ಬೇಡ. ಇಸ್ತ್ರಿ ಪೆಟ್ಟಿಗೆಯಲ್ಲಿ ಒಂದೇ ಚುಕ್ಕೆ. ಕೊನೆಯಲ್ಲಿ ವೃತ್ತದೊಳಗೆ P ಅಕ್ಷರ. ಅದು ಡ್ರೈ ಕ್ಲೀನ್ ಮಾಡುವವರು ಯಾವ ದ್ರಾವಣ ಬಳಸಬಹುದು ಅನ್ನೋದಕ್ಕೆ. ಡ್ರೈ ಕ್ಲೀನ್‌ಗೇ ಕೊಡಬೇಕು ಅಂತ ಅಲ್ಲ.

ಚಿಕ್ಕಮ್ಮನಿಗೆ ಹೀಗೆ ಬರೆದು ಕಳಿಸಿದೆ: "ಸ್ವೆಟರ್ ಉಲ್ಟಾ ಮಾಡಿ. ಮೆಷಿನ್‌ನಲ್ಲಿ ಉಲನ್ ಅಂತ ಸೆಟಿಂಗ್ ಇದ್ದರೆ ಅದರಲ್ಲೇ ಹಾಕಿ, ಡ್ರಮ್ ತುಂಬಬೇಡಿ, ಸ್ಪಿನ್ ಕಡಿಮೆ ಇಡಿ. ಆ ಸೆಟಿಂಗ್ ಇಲ್ಲದಿದ್ದರೆ ಬಕೆಟ್ ತಣ್ಣೀರಿಗೆ ಉಣ್ಣೆಯ ಲಿಕ್ವಿಡ್ ಹಾಕಿ, ಕೈಯಲ್ಲಿ ಒತ್ತಿ ಒತ್ತಿ ಒಗೆಯಿರಿ. ಉಜ್ಜಬೇಡಿ, ತಿರುಚಿ ಹಿಂಡಬೇಡಿ. ಟರ್ಕಿ ಟವೆಲ್ ಮೇಲೆ ಹಾಸಿ, ಟವೆಲ್ ಸಮೇತ ಸುರುಳಿ ಸುತ್ತಿ ಒತ್ತಿದರೆ ನೀರು ಹೋಗುತ್ತದೆ. ಆಮೇಲೆ ಮಂಚದ ಮೇಲೆ ಒಣ ಟವೆಲ್ ಹಾಸಿ, ತೋಳು, ಅಂಚು ನೇರ ಮಾಡಿ ಒಣಗಿಸಿ. ಕೆಳಗಿನ ಟವೆಲ್ ಒದ್ದೆಯಾದರೆ ಬದಲಿಸಿ."

ಲೇಬಲ್‌ನಲ್ಲಿ ನೆರಳಿನ ಗುರುತು ಇರಲಿಲ್ಲ. ಅದಿದ್ದರೆ ಚೌಕದ ಎಡ ಮೇಲ್ಮೂಲೆಯಲ್ಲಿ ಓರೆ ಗೆರೆ ಇರುತ್ತದೆ. ಆದರೂ ಬಣ್ಣದ ಉಣ್ಣೆಗೆ ಬಿಸಿಲು ಬೇಡ ಅಂದೆ, ಅದು ನನ್ನ ಅಭ್ಯಾಸ.

ಇಸ್ತ್ರಿ ವಿಷಯ ಮಾತ್ರ ಫೋನ್ ಮಾಡಿಯೇ ಹೇಳಿದೆ. ಒಂದು ಚುಕ್ಕೆ ಅಂದರೆ ಸುಮಾರು 110 ಡಿಗ್ರಿ, ಡಯಲ್‌ನ ತೀರಾ ಕೆಳಗಿನ ಬಿಸಿ. ಹಬೆ ಬೇಡ. ಅವರ ಬೀದಿಯಲ್ಲಿ ಇದ್ದಿಲು ಪೆಟ್ಟಿಗೆಯ ಇಸ್ತ್ರಿಯವರು ಬರುತ್ತಾರೆ. ಆ ಪೆಟ್ಟಿಗೆಗೆ ಡಯಲ್ ಇಲ್ಲ, ಹತ್ತಿ ಬಟ್ಟೆಗೆ ಕಾಯಿಸಿದ್ದನ್ನೇ ಇದಕ್ಕೂ ಇಟ್ಟರೆ ಅಕ್ರಿಲಿಕ್ ಮೆತ್ತಗಾಗಿ ಹೊಳಪಿನ ಕಲೆ ಬೀಳುತ್ತದೆ. ಅದು ಹೋಗಲ್ಲ. ಮನೆಯಲ್ಲೇ, ಮೇಲೊಂದು ತೆಳು ಹತ್ತಿ ಬಟ್ಟೆ ಹಾಕಿ, ಮೊದಲು ಒಳಗಿನ ಹೊಲಿಗೆ ಹತ್ತಿರ ಒಂದು ಕ್ಷಣ ಇಟ್ಟು ನೋಡಿ ಅಂದೆ. ಅಲ್ಲಿ ಹೊಳೆದರೆ ಇಸ್ತ್ರಿಯೇ ಬೇಡ, ಸರಿಯಾಗಿ ಹಾಸಿ ಒಣಗಿಸಿದ ಸ್ವೆಟರ್‌ಗೆ ಅದರ ಅಗತ್ಯವೂ ಅಷ್ಟಿಲ್ಲ.