ಏಳು ವೆಬ್‌ಸೈಟ್‌ಗಳು, ಮೂರೇ ಸಾಕ್ಷಿಗಳು: ಭಜನೆ ಪುಸ್ತಕಕ್ಕೆ ಹಾಡು ಆರಿಸಿದ ನನ್ನ ಅನುಭವ

ಡೊಂಬಿವಲಿಯ ನಮ್ಮ ಭಜನಾ ಮಂಡಳಿಯಲ್ಲಿ ಹದಿನೆಂಟು ಜನ ಹೆಂಗಸರಿದ್ದೇವೆ. ಶುಕ್ರವಾರ ಸಂಜೆ ಯಾರಾದರೊಬ್ಬರ ಮನೆಯಲ್ಲಿ ಸೇರಿ ಹಾಡುತ್ತೇವೆ. ಎರಡು ವರ್ಷದ ಹಿಂದೆ ನವರಾತ್ರಿಗೆಂದು ಒಂದು ಸಣ್ಣ ಪುಸ್ತಕ ಮಾಡಿದೆವು. ಹಾಡುಗಳನ್ನು ಇಂಟರ್‌ನೆಟ್‌ನಿಂದ ತೆಗೆದು ಜೋಡಿಸಿದವಳು ನಾನೇ. ಇನ್ನೂರು ಪ್ರತಿ ಅಚ್ಚಾಗಿ ಬಂತು. ಮೊದಲ ದಿನವೇ 'ಭಾಗ್ಯದ ಲಕ್ಷ್ಮೀ ಬಾರಮ್ಮ' ಹಾಡುವಾಗ ನಮ್ಮ ದೊಡ್ಡಕ್ಕ ತಟ್ಟನೆ ನಿಲ್ಲಿಸಿದರು. "ಇದೇನು ಮಾರಾಯ್ತಿ, ದಿನಕರ ಕೋಟಿ ತೇಜದಿ ಹೊಲೆವ ಅಂತ ಹಾಕಿದ್ದೀಯಲ್ಲ! ಹೊಲೆ ಅಂದರೆ ಮೈಲಿಗೆ. ಲಕ್ಷ್ಮಿಗೆ ಹಾಗೆ ಹಾಡುವುದಾ?"

'ಹೊಳೆವ' ಆಗಬೇಕಿತ್ತು. ಒಂದು ಅಕ್ಷರ. ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಬಾಯಲ್ಲಿ ಸರಿಯಾಗಿ ಬರುವ ಹಾಡೇ ಕಾಗದದಲ್ಲಿ ಹೀಗಾದರೆ, ನಮಗೆ ಗೊತ್ತಿಲ್ಲದ ಹಾಡುಗಳಲ್ಲಿ ಏನೇನು ನುಸುಳಿರಬಹುದು? ಈ ವರ್ಷ ಹೊಸ ಪುಸ್ತಕಕ್ಕೆ ಕೂತಾಗ ಮೊದಲು ಹಾಡುಗಳನ್ನಲ್ಲ, ವೆಬ್‌ಸೈಟ್‌ಗಳನ್ನೇ ಪರೀಕ್ಷೆ ಮಾಡಿದೆ. ಅದಕ್ಕೆ ಅಳತೆಗೋಲು ಇದೇ ಹಾಡು. ನಮಗೆ ಪೂರ್ತಿ ಗೊತ್ತಿರುವ ಹಾಡನ್ನು ಒಂದು ಸೈಟು ಹೇಗೆ ಹಾಕಿದೆ ಎಂದು ನೋಡಿದರೆ, ಗೊತ್ತಿಲ್ಲದ ಹಾಡಿಗೆ ಅದನ್ನು ಎಷ್ಟು ನಂಬಬಹುದು ಎಂಬ ಅಂದಾಜು ಸಿಗುತ್ತದೆ.

ಏಳು ಸೈಟುಗಳನ್ನು ತೆರೆದು ಹಾಡನ್ನು ಒಂದರ ಕೆಳಗೆ ಒಂದು ಅಂಟಿಸಿಕೊಂಡೆ. ನಾಲ್ಕರಲ್ಲಿ 'ಹೊಲೆವ' ಇತ್ತು, ಮೂರರಲ್ಲಿ 'ಹೊಳೆವ'. ಓಟು ಹಾಕಿದರೆ ತಪ್ಪೇ ಗೆಲ್ಲುತ್ತದೆ, ಅಲ್ವಾ? ಆದರೆ ಆ ನಾಲ್ಕನ್ನೂ ಸಾಲು ಸಾಲಾಗಿ ಹೋಲಿಸಿದಾಗ ಬೇರೆಯೇ ಸಂಗತಿ ಕಂಡಿತು. ನಾಲ್ಕರಲ್ಲೂ 'ಬೆಣ್ಣೆ' ಹೋಗಿ 'ಬೆನ್ನೆ' ಆಗಿತ್ತು. ನಾಲ್ಕರಲ್ಲೂ ಒಂದೇ ಸಾಲಿನ ಕೊನೆಗೆ ಬೇಡದ ಎರಡು ಚುಕ್ಕಿ ಇದ್ದವು. ನಾಲ್ಕರಲ್ಲೂ 'ಕಂಕಣ ಕೈಯ ತಿರುವುತ ಬಾರೆ' ಎಂಬ ನುಡಿಯೇ ಇರಲಿಲ್ಲ. ಸರಿಯಾದ ಪಾಠ ನಾಲ್ಕು ಕಡೆ ಒಂದೇ ಥರ ಇರುವುದು ಸಹಜ. ತಪ್ಪು ನಾಲ್ಕು ಕಡೆ ಒಂದೇ ಥರ ಇದ್ದರೆ ಅವರು ಒಬ್ಬರಿಂದೊಬ್ಬರು ಎತ್ತಿಕೊಂಡಿದ್ದಾರೆ ಎಂದರ್ಥ. ಆ ನಾಲ್ಕೂ ಸೇರಿ ಒಂದೇ ಸಾಕ್ಷಿ. ಉಳಿದ ಮೂರರಲ್ಲೂ ಎರಡು ಜೋಡಿಯಾಗಿದ್ದವು. ಅಂದರೆ ಏಳು ಸೈಟಿನಿಂದ ನನಗೆ ಸಿಕ್ಕಿದ್ದು ಮೂರೇ ಸಾಕ್ಷಿ.

ಈಗ ನಾನು ಮೊದಲು ಮಾಡುವ ಕೆಲಸ ಇದು. ಅನುಮಾನದ ಪದ ಇರುವ ಸಾಲನ್ನು ತಪ್ಪಿನ ಸಮೇತ ಡಬಲ್ ಕೋಟ್ ಒಳಗೆ ಹಾಕಿ ಹುಡುಕುತ್ತೇನೆ. ಅದೇ ತಪ್ಪು ಎಲ್ಲೆಲ್ಲಿ ಕಾಣುತ್ತದೋ ಅವೆಲ್ಲ ಒಂದೇ ಮನೆಯವು ಎಂದು ಗುರುತು ಮಾಡಿಕೊಳ್ಳುತ್ತೇನೆ.

ತಪ್ಪಿನ ಜಾತಿ ನೋಡಿದರೆ ಹಾಡು ಎಲ್ಲಿಂದ ಬಂತು ಎಂದೂ ತಿಳಿಯುತ್ತದೆ. ಳ-ಲ, ಣ-ನ ಅದಲುಬದಲಾಗಿದ್ದರೆ ಅದು ಇಂಗ್ಲಿಷ್ ಅಕ್ಷರದಲ್ಲಿ ಬರೆದಿಟ್ಟ ಹಾಡನ್ನು ಸಾಫ್ಟ್‌ವೇರ್‌ಗೆ ಕೊಟ್ಟು ಕನ್ನಡ ಮಾಡಿದ್ದು. `hoLeva` ಎಂದು ದೊಡ್ಡ L ಹಾಕಬೇಕಾದಲ್ಲಿ `holeva` ಎಂದಿದ್ದರೆ 'ಹೊಲೆವ' ಆಗಿಬಿಡುತ್ತದೆ. ಅರ್ಕಾವತ್ತು ಜಾಗ ತಪ್ಪಿ 'ವರ್ಣ' ಎಂಬುದು 'ವಣರ್' ಆಗಿದ್ದರೆ, ಹಳೇ ಫಾಂಟಿನ ಕಡತವನ್ನು ಯೂನಿಕೋಡ್ ಮಾಡುವಾಗ ಕೆಟ್ಟಿದ್ದು. ಇವೆರಡೂ ಯಂತ್ರದ ತಪ್ಪುಗಳು. ಒಂದೇ ರೀತಿ ಮತ್ತೆ ಮತ್ತೆ ಬರುತ್ತವೆ, ತಿದ್ದಬಹುದು.

ನನಗೆ ಜಾಸ್ತಿ ಭಯ ಮೂರನೇ ಜಾತಿಯದು, ಕ್ಯಾಸೆಟ್ ಅಥವಾ ವಿಡಿಯೋ ಕೇಳಿ ಬರೆದದ್ದು. ಹಾಡುವವರು ಸಮಯ ಸಾಲದೆ ಒಂದು ನುಡಿ ಬಿಟ್ಟಿದ್ದರೆ ಇದರಲ್ಲೂ ಅದು ಇರುವುದಿಲ್ಲ. ಪಲ್ಲವಿ ಹಾಡಿದಷ್ಟು ಸಲವೂ ಬರೆದಿರುತ್ತಾರೆ. ಕಿವಿಗೆ ಸರಿಯಾಗಿ ಬೀಳದ ಕಡೆ ತಮಗೆ ತೋಚಿದ ಪದ ಹಾಕಿರುತ್ತಾರೆ. ಆ ಪದಕ್ಕೂ ಏನೋ ಒಂದು ಅರ್ಥ ಇರುವುದರಿಂದ ಓದುವಾಗ ತಪ್ಪು ಎಂದು ಗೊತ್ತೇ ಆಗುವುದಿಲ್ಲ.

ಅಂಥ ತಪ್ಪು ಹಿಡಿಯಲು ದೊಡ್ಡಕ್ಕ ಹೇಳಿಕೊಟ್ಟ ಉಪಾಯ ಪ್ರಾಸ. ದಾಸರ ಪದಗಳಲ್ಲಿ ಸಾಮಾನ್ಯವಾಗಿ ಸಾಲುಗಳ ಎರಡನೇ ಅಕ್ಷರ ಹೊಂದಿಕೊಳ್ಳುತ್ತದೆ. ಈ ಹಾಡಿನ ಮೊದಲ ನುಡಿ ನೋಡಿ: ಹೆಜ್ಜೆ, ಗೆಜ್ಜೆ, ಸಜ್ಜನ, ಮಜ್ಜಿಗೆ. ನಾಲ್ಕೂ ಕಡೆ 'ಜ್ಜ'. ಒಂದು ಸೈಟಿನಲ್ಲಿ ಮೂರನೇ ಸಾಲು 'ಸಾಧು ಸಜ್ಜನರ ಪೂಜೆಯ ವೇಳೆಗೆ' ಎಂದಿತ್ತು. ಅರ್ಥ ಚೆನ್ನಾಗಿಯೇ ಇದೆ. ಹಾಡಲೂ ಬರುತ್ತದೆ. ಆದರೆ ಸಾಲು 'ಸಾಧು' ಎಂದು ಶುರುವಾದರೆ ಪ್ರಾಸ ಮುರಿಯಿತು. ಹಾಗಾಗಿ 'ಸಜ್ಜನ ಸಾಧು ಪೂಜೆಯ ವೇಳೆಗೆ' ಎಂಬುದೇ ಸರಿ. ತಪ್ಪು ಎಲ್ಲಿಂದ ಬಂತು ಎಂದೂ ಕಾಣುತ್ತದೆ. ಮುಂದಿನ ಇನ್ನೊಂದು ನುಡಿಯಲ್ಲಿ 'ಸತ್ಯವ ತೋರುವ ಸಾಧು ಸಜ್ಜನರ' ಎಂದಿದೆ. ಬರೆದವರ ನೆನಪಿನಲ್ಲಿ ಅದು ಇಲ್ಲಿಗೆ ಜಾರಿದೆ.

ಪ್ರಾಸ ಎಲ್ಲವನ್ನೂ ತೀರ್ಮಾನಿಸುವುದಿಲ್ಲ. ಎರಡನೇ ನುಡಿಯಲ್ಲಿ ಕೆಲವರು 'ಮನಕೆ ಮಾನವ ಸಿದ್ಧಿಯ ತೋರೆ' ಎನ್ನುತ್ತಾರೆ, ಕೆಲವರು 'ಮನಕಾಮನೆಯ ಸಿದ್ಧಿಯ ತೋರೆ' ಎನ್ನುತ್ತಾರೆ. ಕನಕ, ಮನಕೆ, ದಿನಕರ, ಜನಕ. ಎರಡು ಪಾಠಕ್ಕೂ ಪ್ರಾಸ ಒಪ್ಪುತ್ತದೆ. 'ಸಂಖ್ಯೆಯಿಲ್ಲದ ಭಾಗ್ಯವ', 'ಶಂಕೆಯಿಲ್ಲದ ಭಾಗ್ಯವ' ಎಂಬಲ್ಲಿ 'ಶಂಕೆ' ಪ್ರಾಸಕ್ಕೆ ಹೆಚ್ಚು ಹೊಂದುತ್ತದೆ, ಆದರೂ ಅಷ್ಟರಿಂದಲೇ ತೀರ್ಮಾನಿಸಲಾಗದು. ಇಂಥ ಕಡೆ ಅಚ್ಚಾದ ಹಳೇ ಪುಸ್ತಕ ಬೇಕು. ಮಾಟುಂಗಾದ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಒಂದು ಇತ್ತು. archive.org ನಲ್ಲಿ ಸ್ಕ್ಯಾನ್ ಮಾಡಿದ ಇನ್ನೊಂದು ಸಿಕ್ಕಿತು. ಅಲ್ಲಿ ಪುಟದ ಚಿತ್ರವನ್ನೇ ಓದಬೇಕು. ಜೊತೆಗೆ ಕೊಟ್ಟಿರುವ ಟೈಪಾದ ಪಠ್ಯ ಯಂತ್ರ ಓದಿದ್ದು, ಅದರಲ್ಲಿ ಒತ್ತಕ್ಷರಗಳೇ ಕೆಟ್ಟಿರುತ್ತವೆ. 'ಮನಕೆ ಮಾನವ' ವಿಷಯದಲ್ಲಿ ಈ ಎರಡು ಪುಸ್ತಕಗಳೂ ಒಂದಾಗಲಿಲ್ಲ. ಹಾಗಾಗಿ ನಮ್ಮ ಮಂಡಳಿ ಹಾಡುವ ಪಾಠವನ್ನು ಮೇಲೆ ಹಾಕಿ, ಇನ್ನೊಂದನ್ನು ಪುಟದ ಕೆಳಗೆ 'ಪಾಠಾಂತರ' ಎಂದು ಸಣ್ಣ ಅಕ್ಷರದಲ್ಲಿ ಕೊಟ್ಟೆ.

ಹಾಡು ಯಾರದು ಎಂಬುದಕ್ಕೆ ಕೊನೆಯ ಸಾಲಿನ ಅಂಕಿತ ನೋಡಬೇಕು. ಎರಡು ಸೈಟುಗಳು 'ಕೃಷ್ಣಾ ನೀ ಬೇಗನೆ ಬಾರೋ' ಹಾಡಿಗೆ ಪುರಂದರದಾಸರ ಹೆಸರು ಹಾಕಿದ್ದವು. ಅದರ ಕೊನೆಯಲ್ಲಿ ಪುರಂದರ ವಿಠಲ ಎಲ್ಲಿದೆ? 'ಉಡುಪಿ ಶ್ರೀಕೃಷ್ಣ' ಇದೆ. ಅದು ವ್ಯಾಸರಾಯರ ಹಾಡು. 'ವಿಠಲ' ಕಂಡ ಕೂಡಲೇ ಪುರಂದರದಾಸರು ಎನ್ನುವ ಸೈಟುಗಳೂ ಇವೆ. ರಂಗವಿಠಲ ಶ್ರೀಪಾದರಾಜರದು, ವಿಜಯವಿಠಲ ವಿಜಯದಾಸರದು, ಗೋಪಾಲವಿಠಲ ಗೋಪಾಲದಾಸರದು, ಜಗನ್ನಾಥವಿಠಲ ಜಗನ್ನಾಥದಾಸರದು. ಅಂಕಿತದ ನುಡಿಯನ್ನೇ ಬಿಟ್ಟಿರುವ ಸೈಟಿನಿಂದ ನಾನು ಹಾಡು ತೆಗೆಯುವುದೇ ಇಲ್ಲ. ಮುಗಿಸುವ ನುಡಿಯೇ ಇಲ್ಲದ ಮೇಲೆ ನಡುವೆ ಏನು ಬಿಟ್ಟಿದ್ದಾರೋ!

ಹೀಗೆ ನೋಡುತ್ತಾ ಒಂದು ಹಾಡಿಗೆ ಸುಮಾರು ಮುಕ್ಕಾಲು ಗಂಟೆ ಬೇಕಾಯಿತು. ಇಪ್ಪತ್ತನಾಲ್ಕು ಹಾಡಿನಲ್ಲಿ ಇಪ್ಪತ್ತೆರಡು ನಿಂತವು. ಉಳಿದ ಎರಡಕ್ಕೆ ಒಂದೇ ಮನೆಯ ಸೈಟುಗಳು ಬಿಟ್ಟರೆ ಬೇರೆ ಸಾಕ್ಷಿ ಇರಲಿಲ್ಲ, ಅಚ್ಚಾದ ಪುಸ್ತಕದಲ್ಲೂ ಸಿಗಲಿಲ್ಲ. ಒಂದರಲ್ಲಿ ಮೂರು ಕಡೆ ಪ್ರಾಸ ತಪ್ಪಿತ್ತು. ಸುಮ್ನೆ ನಾನೇ ಪದ ಕೂಡಿಸಿ ಸರಿ ಮಾಡುವುದು ನನ್ನ ಮನಸ್ಸಿಗೆ ಬರಲಿಲ್ಲ. ಎರಡನ್ನೂ ಕೈಬಿಟ್ಟೆ.

ಪ್ರೆಸ್ಸಿಗೆ ಕೊಡುವ ಮುಂಚೆ ಪ್ರೂಫ್ ಹಿಡಿದು ದೊಡ್ಡಕ್ಕನ ಮನೆಗೆ ಹೋದೆ. ಅವರು ಕನ್ನಡಕ ಹಾಕಿಕೊಂಡು ಓದಲಿಲ್ಲ, ಒಂದೊಂದೇ ಹಾಡನ್ನು ನನ್ನ ಕೈಯಲ್ಲಿ ಹಾಡಿಸಿದರು. ಕೈಬಿಟ್ಟ ಹಾಡುಗಳ ಮಾತು ಬಂದಾಗ, "ಅದರಲ್ಲಿ ಒಂದು ನನ್ನ ಅತ್ತೆಯ ನೋಟುಪುಸ್ತಕದಲ್ಲಿ ಇರಬೇಕು, ಊರಲ್ಲಿದೆ" ಎಂದರು. ಫೋನ್ ಮಾಡಿ ಫೋಟೋ ತರಿಸಿದೆವು. ಹಾಡು ಇತ್ತು. ಸೈಟಿನಲ್ಲಿ ಪ್ರಾಸ ತಪ್ಪಿದ್ದ ಮೂರು ಕಡೆಯೂ ಅಲ್ಲಿ ಬೇರೆ ಪದಗಳಿದ್ದವು.