‘ಇಲ್ಲಿ ಕ್ಲಿಕ್ ಮಾಡಿ’ ಅಂದರೆ ಎಲ್ಲಿ?

ನಮ್ಮ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಕೆಲಸ ನನ್ನ ತಲೆಗೆ ಬಿದ್ದ ಮೇಲೆ ಕಳಿಸಿದ ಮೊದಲ ಮೇಲ್ ನೋಡೋಕೆ ಚೆನ್ನಾಗಿಯೇ ಇತ್ತು. ಸಭೆಯ ವಿವರವೆಲ್ಲ ಇದ್ದ ಬಣ್ಣದ ಪೋಸ್ಟರ್, ಕೆಳಗೆ ಮೂರು ಸಲ ‘ಇಲ್ಲಿ ಕ್ಲಿಕ್ ಮಾಡಿ’, ಜೊತೆಗೊಂದು ಫೈಲು. ಸಂಜೆ ಎರಡನೇ ಮಹಡಿಯ ಮೇಷ್ಟ್ರು ಸಿಕ್ಕರು. ಅವರಿಗೆ ಕಣ್ಣು ಕಾಣುವುದಿಲ್ಲ, ಕಂಪ್ಯೂಟರಿನಲ್ಲಿ NVDA ಅನ್ನೋ ಸ್ಕ್ರೀನ್ ರೀಡರ್ ಹಾಕಿಕೊಂಡು ಮೇಲ್ ಕೇಳುತ್ತಾರೆ. “ಸಭೆ ಯಾವತ್ತಪ್ಪಾ? ನಿನ್ನ ಮೇಲ್ ಬರೀ ಇಲ್ಲಿ, ಇಲ್ಲಿ, ಇಲ್ಲಿ ಅಂತಿದೆ” ಅಂದರು.

ಅವರ ಪಕ್ಕ ಕೂತು ನೋಡಿದೆ. ಸ್ಕ್ರೀನ್ ರೀಡರ್ ಬಳಸುವವರು ಪ್ರತಿ ಸಲ ಮೇಲಿಂದ ಕೆಳಗಿನವರೆಗೆ ಕೇಳುತ್ತಾ ಕೂರುವುದಿಲ್ಲ. Insert ಮತ್ತು F7 ಒತ್ತಿದರೆ ಮೇಲ್‌ನಲ್ಲಿರುವ ಲಿಂಕ್‌ಗಳು ಮಾತ್ರ ಒಂದು ಪಟ್ಟಿಯಾಗಿ ಬರುತ್ತವೆ, ಅಕ್ಕಪಕ್ಕದ ವಾಕ್ಯ ಅಲ್ಲಿರುವುದಿಲ್ಲ. ನನ್ನ ಪಟ್ಟಿಯಲ್ಲಿ ಒಂದೇ ಮಾತು ಮೂರು ಸಲ.

ಹಾಗಾಗಿ ಮೊದಲ ಕೆಲಸ ಲಿಂಕಿನದ್ದು. ಲಿಂಕ್ ಆಗುವ ಮಾತನ್ನು ಒಂಟಿಯಾಗಿ ಓದಿದರೂ ಏನು ಸಿಗುತ್ತೆ ಅಂತ ಗೊತ್ತಾಗಬೇಕು: ‘ಮೇ ತಿಂಗಳ ಜಮಾಖರ್ಚು, ಪಿಡಿಎಫ್, 180 ಕೆಬಿ’. ವಿಷಯ ಮೊದಲು, ಫೈಲಿನ ಬಗೆ ಮತ್ತು ತೂಕ ಆಮೇಲೆ. ಜಿಮೇಲ್‌ನಲ್ಲಾದರೆ ಆ ಮಾತುಗಳನ್ನು ಸೆಲೆಕ್ಟ್ ಮಾಡಿ Ctrl+K ಒತ್ತಿ ವಿಳಾಸ ಅಂಟಿಸಿ. ಫೋನಿನಲ್ಲಿ ಬರೆಯುವಾಗ ಅದು ಸಿಗದಿದ್ದರೆ ವಿವರ ಒಂದು ಸಾಲು, ವಿಳಾಸ ಅದರ ಕೆಳಗಿನ ಸಾಲು, ಅಷ್ಟೇ ಸಾಕು.

ಫೈಲಿನ ಹೆಸರಿಗೂ ಇದೇ ಕಥೆ. ನಾನು ಕಳಿಸಿದ್ದು `IMG-20250603-WA0007.jpg`. ಮೇಷ್ಟ್ರ ಕಂಪ್ಯೂಟರ್ ಅದನ್ನು ಒದರಿ ಮುಗಿಸುವಷ್ಟರಲ್ಲಿ ನನಗೇ ನಾಚಿಕೆಯಾಯಿತು. ಈಗ ಹೀಗೆ ಇಡುತ್ತೇನೆ:

```
2025-06-15-sabhe-nadavali.pdf
```

ವರ್ಷ, ತಿಂಗಳು, ದಿನ ಅಂತ ಹಾಕಿದರೆ ಫೋಲ್ಡರಿನಲ್ಲಿ ತಾನಾಗೇ ಸಾಲಾಗಿ ಕೂರುತ್ತವೆ. ಹೆಸರನ್ನು ಕನ್ನಡ ಲಿಪಿಯಲ್ಲೇ ಇಡಬಾರದಾ? ಲಗತ್ತಿಸಿ ಕಳಿಸುವುದಾದರೆ ಧಾರಾಳವಾಗಿ ಇಡಬಹುದು, ಮೇಷ್ಟ್ರಿಗೂ ಅದೇ ಇಷ್ಟ, ಯಾಕೆಂದರೆ ಇಂಗ್ಲಿಷ್ ದನಿ ‘ನಡಾವಳಿ’ಯನ್ನು ವಿಚಿತ್ರವಾಗಿ ಓದುತ್ತದೆ. ಆದರೆ ಆ ಫೈಲನ್ನು ವೆಬ್‌ಸೈಟಿಗೆ ಹಾಕಿ ವಿಳಾಸ ಕಾಪಿ ಮಾಡಿದರೆ ಒಂದು ‘ಕ’ ಹೋಗಿ `%E0%B2%95` ಆಗುತ್ತದೆ. ಇಡೀ ಹೆಸರು ಹಾಗಾದಾಗ ಕೇಳುವವರ ಪಾಡೇನು ಹೇಳಿ.

ಇನ್ನು ಆ ಪೋಸ್ಟರ್. ಅದು ಬರೀ ಚಿತ್ರ, ಒಳಗಿನ ಅಕ್ಷರವನ್ನು ಸ್ಕ್ರೀನ್ ರೀಡರ್ ಮಾಮೂಲಿ ಅಕ್ಷರದ ಹಾಗೆ ತಾನಾಗಿ ಓದುವುದಿಲ್ಲ. ತೂಕವೂ 4 ಎಂಬಿ. ಲಗತ್ತು ಮೇಲ್‌ನಲ್ಲಿ ಹೋಗುವಾಗ ಬೇರೆ ರೂಪಕ್ಕೆ ತಿರುಗಿ ಸುಮಾರು ಮೂರನೇ ಒಂದು ಭಾಗ ಉಬ್ಬುತ್ತದೆ, ಅಲ್ಲಿಗೆ ಹತ್ತಿರ ಹತ್ತಿರ ಐದೂವರೆ ಎಂಬಿ. ತೀರ್ಥಹಳ್ಳಿ ಕಡೆಯ ತೋಟದಲ್ಲಿರುವ ನಮ್ಮ ಸದಸ್ಯರೊಬ್ಬರಿಗೆ ಸಿಗ್ನಲ್ ಸಿಕ್ಕರೆ ಅದೇ ಪುಣ್ಯ. ಸೆಕೆಂಡಿಗೆ 100 ಕಿಲೋಬಿಟ್ ಅಂತ ಇಟ್ಟುಕೊಂಡರೂ ಪೋಸ್ಟರ್ ಇಳಿಯಲು ಏಳು ನಿಮಿಷ ಬೇಕು, ಅದೂ ನಡುವೆ ಕಡಿಯದಿದ್ದರೆ. ಅದೇ ವಿಷಯವನ್ನು 600 ಅಕ್ಷರದಲ್ಲಿ ಟೈಪ್ ಮಾಡಿದರೆ ಉಬ್ಬಿಯೂ ಎರಡೂವರೆ ಕೆಬಿ ದಾಟುವುದಿಲ್ಲ, ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ. ಆದ್ದರಿಂದ ದಿನ, ಹೊತ್ತು, ಜಾಗ ಮೇಲ್‌ನ ಮೊದಲ ಎರಡು ಸಾಲಿನಲ್ಲೇ ಟೈಪ್ ಆಗಿರಲಿ. ಪೋಸ್ಟರ್ ಬೇಕೇಬೇಕು ಅನ್ನುವವರಿಗೆ ಲಿಂಕ್ ಕೊಡಿ.

ಟೈಪ್ ಮಾಡಿದ್ದೆಲ್ಲ ಅಕ್ಷರವೇ ಅಂತಲೂ ಅಲ್ಲ. ಹಳೇ ನುಡಿ, ಬರಹ ಫಾಂಟುಗಳಲ್ಲಿ ಬರೆದ ‘ಕನ್ನಡ’ ಒಳಗಡೆ `PÀ£ÀßqÀ` ಆಗಿರುತ್ತದೆ. ಸ್ಕ್ರೀನ್ ರೀಡರ್ ಓದುವುದು ಈ ಒಳಗಿನದ್ದನ್ನೇ. ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಅಂಟಿಸಿ ನೋಡಿ. ಕನ್ನಡವಾಗಿಯೇ ಉಳಿದರೆ ಯೂನಿಕೋಡ್, ಕಳಿಸಬಹುದು. ಇಲ್ಲದಿದ್ದರೆ ಕನ್ವರ್ಟರಿಗೆ ಹಾಕಿ, ಮತ್ತೆ ಒಮ್ಮೆ ಓದಿ, ಒತ್ತಕ್ಷರ ಅಲ್ಲಲ್ಲಿ ಕೆಡುವುದುಂಟು.

ಅಲಂಕಾರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಕ್ಷತ್ರದ ಗೆರೆ ಎಳೆಯಬೇಡಿ, ಸ್ಪೇಸ್ ಒತ್ತಿ ಒತ್ತಿ ಕಾಲಂ ಮಾಡಬೇಡಿ. ಆದರೆ ನನ್ನ ಒಂದು ಎಡವಟ್ಟು ಹೇಳಲೇಬೇಕು. ಮನೆ ನಂಬರುಗಳ ಪಟ್ಟಿ ಹಾಕಿ ‘ಕೆಂಪಕ್ಷರದವರು ಬಾಕಿ ಕಟ್ಟಿ’ ಅಂತ ಬರೆದಿದ್ದೆ. NVDA ತಾನಾಗಿ ಬಣ್ಣ ಹೇಳುವುದಿಲ್ಲ, ನಾವೇ ಸೆಟ್ಟಿಂಗ್ ಬದಲಿಸಬೇಕು. ಮೇಷ್ಟ್ರ ಪ್ರಕಾರ ಯಾರ ಬಾಕಿಯೂ ಇರಲಿಲ್ಲ! ಈಗ ಒಂದು ಮನೆಗೆ ಒಂದು ಸಾಲು: ‘204: ಬಾಕಿ 1,500 ರೂಪಾಯಿ’.

ಕಳಿಸುವ ಮುಂಚೆ ಒಂದು ಪ್ರತಿ ನಿಮಗೇ ಕಳಿಸಿಕೊಳ್ಳಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಒಳಗೆ ಟಾಕ್‌ಬ್ಯಾಕ್ ಅನ್ನೋ ಸ್ಕ್ರೀನ್ ರೀಡರ್ ಆನ್ ಮಾಡಿ, ಸ್ಕ್ರೀನ್ ನೋಡದೆ ಮೇಲ್ ಕೇಳಿ. ಅದು ಆನ್ ಇದ್ದಾಗ ಯಾವುದನ್ನಾದರೂ ತೆರೆಯಲು ಎರಡು ಸಲ ತಟ್ಟಬೇಕು. ಇದು ಗೊತ್ತಿಲ್ಲದೆ ಮೊದಲ ದಿನ ಅದನ್ನು ಆಫ್ ಮಾಡಲು ನಾನು ಮೇಷ್ಟ್ರ ಮನೆಗೇ ಹೋಗಬೇಕಾಯಿತು.